ಟ್ಯಾಬ್ ಪಾಠ ರೆಕಾರ್ಡ್ ಮಾಡುವಾಗ ಬೆರಳು ಮುಟ್ಟಿದ ಜಾಗ ಚುಕ್ಕೆಯಾಗಿ ಕಾಣಬೇಕು, ಹೇಗೆ?

ಹೆತ್ತೂರು ಮಳೆ
ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಕಡೆ ನಾಲ್ಕೈದು ತೋಟದ ರೈಟರ್‌ಗಳಿಗೆ ಹಾಜರಿ ಮತ್ತು ಕೊಯ್ಲಿನ ಕೆಜಿ ಲೆಕ್ಕವನ್ನು ಗೂಗಲ್ ಶೀಟ್ಸ್‌ನಲ್ಲಿ ಬರೆಯೋದು ಕಲಿಸುತ್ತಿದ್ದೇನೆ. ಪ್ರತಿ ಸಲ ತೋಟಕ್ಕೆ ಹೋಗಿ ಹೇಳಿಕೊಡಲು ಆಗಲ್ಲ. ಹಾಗಾಗಿ ನನ್ನ 10 ಇಂಚಿನ ಆಂಡ್ರಾಯ್ಡ್ ಟ್ಯಾಬ್‌ನಲ್ಲೇ ಸ್ಕ್ರೀನ್ ರೆಕಾರ್ಡ್ ಮಾಡಿ, ಮಾತು ಸೇರಿಸಿ, ವಾಟ್ಸಾಪ್‌ನಲ್ಲಿ ಕಳಿಸಿದೆ. 6 ನಿಮಿಷದ ವಿಡಿಯೋ.

ನೋಡಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕ, ನೀವು ಒತ್ತಿದ್ದು ಎಲ್ಲಿ?" ನಾನು "ಇಲ್ಲಿ ಒತ್ತಿ, ಆಮೇಲೆ ಇಲ್ಲಿ" ಅಂತ ಹೇಳುತ್ತಾ ಹೋಗಿದ್ದೇನೆ. ವಿಡಿಯೋದಲ್ಲಿ ಬೆರಳೇ ಇಲ್ಲ. ಪರದೆ ತಾನಾಗಿ ಬದಲಾಗುತ್ತದೆ, ಅಷ್ಟೇ. ಒಬ್ಬರು ಮೂರು ಸಲ ನೋಡಿ ಕೈಬಿಟ್ಟರಂತೆ. ಕೆಲವು ವಿಡಿಯೋಗಳಲ್ಲಿ ಮುಟ್ಟಿದ ಕಡೆ ಒಂದು ಬಿಳಿ ಚುಕ್ಕೆ ಬಂದು ಹೋಗುತ್ತದೆ ಅಲ್ವಾ, ಅದು ಹೇಗೆ ಬರುತ್ತದೆ? ಎಡಿಟ್ ಮಾಡಿ ಹಾಕೋದಾ?

ಹಳೇಬೀಡು ಮೊಬೈಲ್ಸ್
ಮೇಡಂ, ಟ್ಯಾಬ್ ಮೇಲೆ ಬಿಳಿ ಚುಕ್ಕೆ ಬಂದು ಹೋಗುತ್ತಿದ್ದರೆ ಡಿಸ್‌ಪ್ಲೇ ಹೋಗುತ್ತಿದೆ ಅಂತ ಅರ್ಥ. ಮಳೆಗಾಲದಲ್ಲಿ ತೇವ ಹೋಗಿರುತ್ತದೆ. ಬೇಗ ತೋರಿಸಿ, ತಡ ಮಾಡಿದರೆ ಇಡೀ ಕಾಂಬೋ ಬದಲಾಯಿಸಬೇಕಾಗುತ್ತದೆ.

ಹೆತ್ತೂರು ಮಳೆ
ಇಲ್ಲ ಸರ್, ಟ್ಯಾಬ್ ಚೆನ್ನಾಗಿದೆ. ಚುಕ್ಕೆ ಬರಬೇಕು ಅಂತಲೇ ನಾನು ಕೇಳುತ್ತಿರೋದು.

ಹಳೇಬೀಡು ಮೊಬೈಲ್ಸ್
ಓ, ಸರಿ ಸರಿ. ಪೂರ್ತಿ ಓದಲಿಲ್ಲ, ಕ್ಷಮಿಸಿ.

ಕಡೂರು ಪ್ಯಾಸೆಂಜರ್
ಬಹಳ ಸುಲಭ. ಡೆವಲಪರ್ ಆಪ್ಷನ್ಸ್ ತೆರೆದು `Pointer location` ಆನ್ ಮಾಡಿ. ಬೆರಳು ಹೋದ ದಾರಿಯೆಲ್ಲ ಗೆರೆಯಾಗಿ ಕಾಣುತ್ತದೆ. ನಾನು ಮಾಡಿ ನೋಡಿದ್ದೇನೆ, ಪಕ್ಕಾ ಕೆಲಸ ಮಾಡುತ್ತದೆ.

ಅರಸೀಕೆರೆ ತೆಂಗು
ಕಡೂರಿನವರೇ, ಜಾಗ ಸರಿ ಹೇಳಿದಿರಿ, ಸ್ವಿಚ್ ಬೇರೆ. `Pointer location` ಹಾಕಿದರೆ ಪರದೆಯ ನೆತ್ತಿಯಲ್ಲಿ ಒಂದು ಪಟ್ಟಿ ಬರುತ್ತದೆ. ಅದರಲ್ಲಿ X, Y ಅಂತ ಅಂಕಿಗಳು ಓಡುತ್ತಲೇ ಇರುತ್ತವೆ. ಮುಟ್ಟಿದ ಕಡೆ ಅಡ್ಡಕ್ಕೂ ಉದ್ದಕ್ಕೂ ಎರಡು ಗೆರೆ ಇಡೀ ಪರದೆ ದಾಟುತ್ತವೆ. ಮೊದಲೇ ಗೆರೆ ತುಂಬಿದ ಶೀಟ್‌ನ ಮೇಲೆ ಇನ್ನಷ್ಟು ಗೆರೆ ಹಾಕಿದರೆ ರೈಟರ್‌ಗೆ ಏನು ಕಾಣಬೇಕು? ಅದು ಟಚ್ ಸರಿ ಇದೆಯಾ ಅಂತ ಪರೀಕ್ಷೆ ಮಾಡೋರಿಗೆ ಇರೋದು.

ಅಕ್ಕ, ನಿಮಗೆ ಬೇಕಾದ್ದು `Show taps`. ಎಡಿಟಿಂಗ್ ಏನೂ ಬೇಡ. ಮುಟ್ಟಿದ ಕಡೆ ಸಿಸ್ಟಮ್ಮೇ ಚುಕ್ಕೆ ಬರೆಯುತ್ತದೆ, ಆದ್ದರಿಂದ ಯಾವ ರೆಕಾರ್ಡರ್ ಇಟ್ಟರೂ ಚುಕ್ಕೆ ವಿಡಿಯೋಗೆ ಬರುತ್ತದೆ. ಮೊದಲು ನಿಮ್ಮ ರೆಕಾರ್ಡರ್‌ನಲ್ಲೇ ಆ ಸ್ವಿಚ್ ಇದೆಯಾ ನೋಡಿ. ಆಂಡ್ರಾಯ್ಡ್ 11 ಆದಮೇಲೆ ಬಂದ ಬಹಳಷ್ಟು ಟ್ಯಾಬ್‌ಗಳಲ್ಲಿ, ಮೇಲಿಂದ ಎಳೆಯುವ ಪಟ್ಟಿಯಲ್ಲಿ `Screen record` ಒತ್ತಿದಾಗ `Show touches on screen` ಅಂತ ಒಂದು ಸ್ವಿಚ್ ಕೇಳುತ್ತದೆ. ಸ್ಯಾಮ್‌ಸಂಗ್ ಆದರೆ ರೆಕಾರ್ಡರ್ ಸೆಟ್ಟಿಂಗ್ಸ್ ಒಳಗಿರುತ್ತದೆ. ರೆಕಾರ್ಡಿಂಗ್ ಮುಗಿದಾಗ ಚುಕ್ಕೆ ತಾನೇ ನಿಲ್ಲುತ್ತದೆ.

ಅದು ಇಲ್ಲದಿದ್ದರೆ ಮಾತ್ರ ಡೆವಲಪರ್ ದಾರಿ. `Settings` ಒಳಗೆ `About tablet`, ಅದರಲ್ಲಿ `Build number` ಮೇಲೆ 7 ಸಲ ಒತ್ತಬೇಕು. ನೀವು ಡೆವಲಪರ್ ಆದಿರಿ ಅಂತ ಹೇಳುತ್ತದೆ. ಆಮೇಲೆ `Developer options` ತೆರೆದು ಕೆಳಗೆ ಹೋದರೆ `Input` ಅನ್ನುವ ಭಾಗದಲ್ಲಿ `Show taps` ಇದೆ. ಟ್ಯಾಬ್ ಕನ್ನಡದಲ್ಲಿದ್ದರೆ ಹೆಸರು ಬೇರೆ, ಜಾಗ ಅದೇ.

ಕಡೂರು ಪ್ಯಾಸೆಂಜರ್
ಆದರೆ ಸ್ವೈಪ್ ತೋರಿಸೋಕೆ ನನ್ನದೇ ವಾಸಿ. `Show taps` ಚುಕ್ಕೆಗೆ ಬಾಲ ಇಲ್ಲ. ಬೆರಳು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಗೊತ್ತಾಗಲ್ಲ.

ಅರಸೀಕೆರೆ ತೆಂಗು
ಬಾಲ ಇಲ್ಲ, ಅದು ನಿಜ. ಒಪ್ಪುತ್ತೇನೆ.

ಮೂಡಿಗೆರೆ ಏಲಕ್ಕಿ
ಹೆತ್ತೂರಿನಲ್ಲಿ ಈಗ ಕರೆಂಟ್ ಇದೆಯಾ? ನಮ್ಮಲ್ಲಿ ಬೆಳಿಗ್ಗೆಯಿಂದ ಇಲ್ಲ. ಮರ ಬಿದ್ದಿದೆ ಅಂತಾರೆ.

ಹೆತ್ತೂರು ಮಳೆ
ಇದೆ, ಆದರೆ ಬಂದು ಹೋಗಿ ಮಾಡುತ್ತಿದೆ. ಟ್ಯಾಬ್ ಚಾರ್ಜ್ ಇರೋದರಿಂದ ಬಚಾವ್.

ತೆಂಗು ಸರ್, ನನ್ನ ರೆಕಾರ್ಡರ್‌ನಲ್ಲಿ ಆ ಸ್ವಿಚ್ ಇರಲಿಲ್ಲ. 7 ಸಲ ಒತ್ತಿ `Show taps` ಹಾಕಿದೆ. ಟ್ಯಾಬ್‌ನಲ್ಲಿ ಚುಕ್ಕೆ ಬಂತು! ತುಂಬ ಖುಷಿಯಾಯಿತು. ಒಂದು ನಿಮಿಷ ರೆಕಾರ್ಡ್ ಮಾಡಿ ನನ್ನ ಫೋನಿಗೆ ಕಳಿಸಿ ನೋಡಿದೆ. ಫೋನಿನಲ್ಲಿ ಹೆಚ್ಚು ಕಡಿಮೆ ಕಾಣುತ್ತಲೇ ಇಲ್ಲ. ಮೇಲಿನ ಹಸಿರು ಪಟ್ಟಿ ಮೇಲೆ ಮುಟ್ಟಿದಾಗ ಸ್ವಲ್ಪ ಕಾಣುತ್ತದೆ. ಬಿಳಿ ಮನೆಗಳ ಮೇಲೆ ಮುಟ್ಟಿದಾಗ ಇಲ್ಲವೇ ಇಲ್ಲ. ಇನ್ನೊಂದು ಗೊಂದಲ. ಶೀಟ್ಸ್‌ನಲ್ಲಿ ಒಂದು ಮನೆ ಆರಿಸಿದಾಗ ಅದರ ಮೂಲೆಯಲ್ಲಿ ನೀಲಿ ಗುಂಡು ಬರುತ್ತದೆ ಅಲ್ವಾ, ನಮ್ಮ ಮನೆಯವರು ಅದನ್ನೇ ಚುಕ್ಕೆ ಅಂದುಕೊಂಡರು.

ಅರಸೀಕೆರೆ ತೆಂಗು
ಇದೇ ಮುಖ್ಯ ವಿಷಯ ಅಕ್ಕ. ಸ್ವಿಚ್ ಹಾಕೋದು ಎರಡು ನಿಮಿಷದ ಕೆಲಸ. ನೋಡೋರ ಕಣ್ಣಿಗೆ ಚುಕ್ಕೆ ತಲುಪಿಸೋದರಲ್ಲೇ ಎಲ್ಲ ಇರೋದು. ನಿಮ್ಮಲ್ಲಿ ಮೂರು ತೊಂದರೆ ಒಟ್ಟಿಗೆ ಆಗಿವೆ.

ಮೊದಲನೆಯದು ಅಳತೆ. ನನ್ನ 10 ಇಂಚಿನ ಟ್ಯಾಬ್ ಮೇಲೆ ಸ್ಕೇಲ್ ಇಟ್ಟು ನೋಡಿದೆ, ಚುಕ್ಕೆ ಸುಮಾರು 3-4 ಮಿಲಿಮೀಟರ್. ಟ್ಯಾಬ್ ಅಡ್ಡ ಇಟ್ಟಾಗ ಪರದೆಯ ಅಗಲ ಸುಮಾರು 21 ಸೆಂ.ಮೀ. ರೈಟರ್ ಫೋನ್ ನೆಟ್ಟಗೆ ಹಿಡಿದು ನೋಡುತ್ತಾರೆ, ಅದರ ಅಗಲ 7 ಸೆಂ.ಮೀ. ಅಂದರೆ ಎಲ್ಲವೂ ಮೂರನೇ ಒಂದು ಭಾಗಕ್ಕೆ ಇಳಿಯಿತು. ನಿಮ್ಮ ಕಡಲೆಕಾಳು ಅವರಿಗೆ ಸಾಸಿವೆ. ಟ್ಯಾಬನ್ನೇ ನೆಟ್ಟಗೆ ಹಿಡಿದು ರೆಕಾರ್ಡ್ ಮಾಡಿ. ಆಗ ಅಗಲ 13 ಸೆಂ.ಮೀ. ಆಸುಪಾಸು, ಅರ್ಧಕ್ಕೆ ಮಾತ್ರ ಇಳಿಯುತ್ತದೆ. ಫೋನಿನ ಪರದೆಯೂ ತುಂಬುತ್ತದೆ. ಶೀಟನ್ನು ಎರಡು ಬೆರಳಲ್ಲಿ ಹಿಗ್ಗಿಸಿದರೆ ಮನೆ ದೊಡ್ಡದಾಗುತ್ತದೆ, ಚುಕ್ಕೆ ಆಗಲ್ಲ, ಅದು ನೆನಪಿರಲಿ.

ಎರಡನೆಯದು ಬಣ್ಣ. ಆ ಚುಕ್ಕೆ ಅರೆಪಾರದರ್ಶಕ ಬಿಳಿ. ಬಿಳಿ ಶೀಟ್ ಮೇಲೆ ಕಾಣೋದಾದರೂ ಹೇಗೆ? ಆಂಡ್ರಾಯ್ಡ್‌ನಲ್ಲಿ ಅದರ ಬಣ್ಣ ಬದಲಾಯಿಸಲು ಸ್ವಿಚ್ ಇಲ್ಲ. ಹಿನ್ನೆಲೆಯನ್ನೇ ಬದಲಾಯಿಸಿ. ಪಾಠಕ್ಕೆ ಅಂತ ಹಾಜರಿ ಶೀಟಿನ ಒಂದು ಪ್ರತಿ ಮಾಡಿ, ಹೆಸರಿನ ಸಾಲು ಮತ್ತು ಕೆಜಿ ಸಾಲುಗಳಿಗೆ ಸ್ವಲ್ಪ ಗಾಢ ಬಣ್ಣ ತುಂಬಿ. ತೀರಾ ತೆಳು ಹಳದಿ ಹಾಕಿದರೆ ಉಪಯೋಗ ಇಲ್ಲ. ಹಸಿರು ಪಟ್ಟಿ ಮೇಲೆ ಕಂಡಿತು ಅಂದಿರಲ್ಲ, ಅದೇ ಸಾಕ್ಷಿ.

ಮೂರನೆಯದು ಸಮಯ. ಸಾಮಾನ್ಯವಾಗಿ ನಾವು ಮುಟ್ಟಿ ಬಿಡೋದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. ವಿಡಿಯೋ ಸೆಕೆಂಡಿಗೆ 30 ಫ್ರೇಮ್ ಇದ್ದರೆ ಚುಕ್ಕೆ ಸಿಗೋದು 3 ಫ್ರೇಮ್‌ನಲ್ಲಿ, ಜೊತೆಗೆ ಮಾಯವಾಗುವಾಗಿನ ಒಂದೆರಡು ಮಸುಕು ಫ್ರೇಮ್. ಅದರ ಮೇಲೆ ವಾಟ್ಸಾಪ್ ಹಿಂಡುತ್ತದೆ. ಸಣ್ಣದು, ಮಸುಕು, ಕ್ಷಣಮಾತ್ರ ಇರೋದು, ಹಿಂಡುವಾಗ ಮೊದಲು ಹೋಗೋದು ಅಂಥದ್ದೇ. ಬೆರಳನ್ನು ಸ್ವಲ್ಪ ಹೊತ್ತು ಇಟ್ಟು ತೆಗೆಯಿರಿ. ವಿಡಿಯೋವನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಹಿಂಡಲ್ಲ.

ಮೂಡಿಗೆರೆ ಏಲಕ್ಕಿ
ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲ್ ದೊಡ್ಡದು. ನಮ್ಮ ತೋಟದಲ್ಲಿ ನೆಟ್‌ವರ್ಕ್ ಸಿಗೋದು ಗೇಟಿನ ಹತ್ತಿರ ಮಾತ್ರ. 6 ನಿಮಿಷದ ವಿಡಿಯೋ ಇಳಿಯೋಕೆ ರೈಟರ್ ಅಲ್ಲೇ ನಿಲ್ಲಬೇಕಾ? ತುಂಡು ಮಾಡಿ ಅಕ್ಕ. ಒಂದು ಕೆಲಸಕ್ಕೆ ಒಂದು ವಿಡಿಯೋ.

ಹೆತ್ತೂರು ಮಳೆ
ಸರಿ, ತುಂಡು ಮಾಡುತ್ತೇನೆ. ಹಾಜರಿಗೆ ಒಂದು, ಕೆಜಿಗೆ ಒಂದು, ಬಟವಾಡೆ ಮೊತ್ತ ನೋಡೋದಕ್ಕೆ ಒಂದು.

ಆದರೆ ಬೆರಳು ಹೆಚ್ಚು ಹೊತ್ತು ಇಟ್ಟರೆ ಹೊಸ ತೊಂದರೆ. ಮನೆ ಮೇಲೆ ಬೆರಳಿಟ್ಟೆ, `Paste` ಇರುವ ಪಟ್ಟಿ ಎದ್ದು ನಿಂತಿತು. ಮೂರು ಸಲ ರೆಕಾರ್ಡ್ ಮಾಡಿದೆ, ಮೂರು ಸಲವೂ ಹೀಗೇ. ಬೇಗ ತೆಗೆದರೆ ಚುಕ್ಕೆ ಕಾಣಲ್ಲ, ನಿಧಾನ ಮಾಡಿದರೆ ಪಟ್ಟಿ ಬರುತ್ತದೆ. ನಡುವಿನ ಅಳತೆ ನನ್ನ ಬೆರಳಿಗೆ ಸಿಗುತ್ತಿಲ್ಲ.

ಕೊಪ್ಪ ಅಡಿಕೆ ಹಾಳೆ
ಅಕ್ಕ, ಇದಕ್ಕೆ ದಾರಿ ಇದೆ. ನಮ್ಮ ಅಜ್ಜಿಗೆ ಕೈ ನಡುಗುತ್ತದೆ, ಅವರಿಗಾಗಿ ಹುಡುಕಿದ್ದು. ಸೆಟ್ಟಿಂಗ್ಸ್‌ನ `Accessibility` ಒಳಗೆ `Touch & hold delay` ಅಂತ ಇದೆ. ಎಷ್ಟು ಹೊತ್ತು ಒತ್ತಿದರೆ ಅದನ್ನು ಒತ್ತಿ ಹಿಡಿದ ಹಾಗೆ ಲೆಕ್ಕ ಹಾಕಬೇಕು ಅಂತ ಹೇಳೋ ಸೆಟ್ಟಿಂಗ್. ಮೊದಲು `Short` ಇರುತ್ತದೆ, ಅಂದರೆ ಅರ್ಧ ಸೆಕೆಂಡಿನ ಆಸುಪಾಸು. ಅದನ್ನು `Long` ಮಾಡಿದರೆ ಒಂದೂವರೆ ಸೆಕೆಂಡ್. ಅಷ್ಟರೊಳಗೆ ಬೆರಳು ತೆಗೆದರೆ ಸಾಮಾನ್ಯ ಒತ್ತು ಅಂತಲೇ ಲೆಕ್ಕ.

ಅರಸೀಕೆರೆ ತೆಂಗು
ಆಹಾ! ಇಷ್ಟು ವರ್ಷದಿಂದ ವಿಡಿಯೋ ಮಾಡುತ್ತಿದ್ದೇನೆ, ಇದು ಹೊಳೆದೇ ಇರಲಿಲ್ಲ. ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಇಟ್ಟರೂ 15 ಫ್ರೇಮ್ ದಾಟುತ್ತದೆ. 3 ಎಲ್ಲಿ, 15 ಎಲ್ಲಿ! ಒಂದೇ ಎಚ್ಚರ: ಕೆಲವು ಆ್ಯಪ್‌ಗಳು ತಮ್ಮದೇ ಸಮಯ ಇಟ್ಟುಕೊಂಡಿರುತ್ತವೆ, ಅಲ್ಲಿ ಇದು ನಡೆಯದೇ ಇರಬಹುದು. ಶೀಟ್ಸ್‌ನಲ್ಲಿ ನೀವೇ ನೋಡಿ ಹೇಳಿ ಅಕ್ಕ. ಪಾಠದಲ್ಲಿ ನಿಜವಾಗಿಯೂ ಒತ್ತಿ ಹಿಡಿಯೋದು ತೋರಿಸಬೇಕಾದರೆ ಮತ್ತೆ `Short` ಮಾಡಿ. ಇಲ್ಲದಿದ್ದರೆ ನೋಡೋರು ತಮ್ಮ ಫೋನಿನಲ್ಲೂ ಅಷ್ಟು ಹೊತ್ತು ಹಿಡಿಯಬೇಕು ಅಂದುಕೊಳ್ಳುತ್ತಾರೆ.

ತರೀಕೆರೆ ಮೇಷ್ಟ್ರು
ಇಷ್ಟೆಲ್ಲ ಯಾಕೆ? ಮೇಜಿನ ಮೇಲೆ ಟ್ಯಾಬ್ ಇಡಿ, ಮೇಲಿನಿಂದ ಫೋನ್ ಕಟ್ಟಿ ವಿಡಿಯೋ ತೆಗೆಯಿರಿ. ಬೆರಳೇ ಕಾಣುತ್ತದೆ. ನಾನು ಶಾಲೆಯಲ್ಲಿ ಹೀಗೇ ಮಾಡಿದ್ದು. ಚುಕ್ಕೆ ಅಂದರೆ ಏನು ಅಂತ ಮೊದಲು ವಿವರಿಸಬೇಕು. ಬೆರಳನ್ನು ಯಾರಿಗೂ ವಿವರಿಸಬೇಕಾಗಿಲ್ಲ. ವಯಸ್ಸಾದ ರೈಟರ್‌ಗಳಿಗೆ ಅದೇ ಸರಿ.

ಅರಸೀಕೆರೆ ತೆಂಗು
ಮೇಷ್ಟ್ರೇ, ಅಂಗೈ ಅರ್ಧ ಶೀಟನ್ನೇ ಮುಚ್ಚುತ್ತದೆ. ಮೇಲಿನ ಲೈಟ್ ಗಾಜಿನ ಮೇಲೆ ಹೊಳೆಯುತ್ತದೆ. ಅಕ್ಷರ ಓದಲು ಆಗಲ್ಲ.

ತರೀಕೆರೆ ಮೇಷ್ಟ್ರು
ಲೈಟ್ ಆರಿಸಿ ಕಿಟಕಿ ಪಕ್ಕ ಕೂತರೆ ಹೊಳಪು ಬರಲ್ಲ. ಕೈ ಪಕ್ಕದಿಂದ ತಂದರೆ ಮುಚ್ಚೋದೂ ಕಡಿಮೆ. ಸಣ್ಣ ಅಂಕಿ ಓದೋಕೆ ಕಷ್ಟ, ಅದನ್ನು ಒಪ್ಪುತ್ತೇನೆ. ಆದರೆ ಎರಡು ಬೆರಳಲ್ಲಿ ಹಿಗ್ಗಿಸೋದನ್ನು ನಿಮ್ಮ ಎರಡು ಚುಕ್ಕೆ ಯಾರಿಗೂ ಕಲಿಸಲ್ಲ. ಕೈ ನೋಡಿದರೆ ಮಗುವಿಗೂ ಗೊತ್ತಾಗುತ್ತದೆ.

ಚಿಕ್ಕಮಗಳೂರು ಗಣಿತ
ನಾನು ಮೇಷ್ಟ್ರ ಕಡೆ, ಆದರೆ ಬೇರೆ ಕಾರಣಕ್ಕೆ. ನನ್ನದು ಐಪ್ಯಾಡ್. ಅದರ ಸ್ಕ್ರೀನ್ ರೆಕಾರ್ಡಿಂಗ್‌ನಲ್ಲಿ ಚುಕ್ಕೆ ತೋರಿಸುವ ಸ್ವಿಚ್ಚೇ ಇಲ್ಲ, ಹುಡುಕಿ ಸಾಕಾಯಿತು. `AssistiveTouch` ಒಳಗೆ `Create New Gesture` ಅಂತ ಒಂದು ಉಪಾಯ ಇದೆ. ಒಂದೇ ಒತ್ತನ್ನು ದಾಖಲಿಸಿ ಉಳಿಸಿಕೊಂಡರೆ, ಆಮೇಲೆ ಮೆನುವಿನಿಂದ ಅದನ್ನು ತೆಗೆದಾಗ ಪರದೆ ಮೇಲೆ ಒಂದು ಗುಂಡು ಬರುತ್ತದೆ. ಬೇಕಾದ ಕಡೆ ಎಳೆದು ಬಿಡಬಹುದು. ಆದರೆ ಮೆನುವೂ ವಿಡಿಯೋದಲ್ಲಿ ಬರುತ್ತದೆ, ಕೆಲಸವೂ ನಿಧಾನ. ಒಂದು ಲೆಕ್ಕ ಬಿಡಿಸುವಷ್ಟರಲ್ಲಿ ಮಕ್ಕಳ ಗಮನ ಹೋಗುತ್ತದೆ. ಈಗ ಮುಖ್ಯವಾದ ಕಡೆ ಮಾತ್ರ ಎಡಿಟರ್‌ನಲ್ಲಿ ವೃತ್ತ ಹಾಕುತ್ತೇನೆ.

ಬಾಳೆಹೊನ್ನೂರು ಲ್ಯಾಪ್‌ಟಾಪ್
ಲ್ಯಾಪ್‌ಟಾಪ್ ಇದ್ದರೆ scrcpy ಬಳಸಿ, ಟ್ಯಾಬ್ ಪರದೆಯನ್ನು ಲ್ಯಾಪ್‌ಟಾಪ್‌ನಲ್ಲಿ ತೋರಿಸುವ ಪ್ರೋಗ್ರಾಂ ಅದು. ಟ್ಯಾಬ್‌ಗೆ ಯುಎಸ್‌ಬಿ ಕೇಬಲ್ ಹಾಕಿ, ಡೆವಲಪರ್ ಆಪ್ಷನ್ಸ್‌ನಲ್ಲಿ `USB debugging` ಆನ್ ಮಾಡಿ, ಲ್ಯಾಪ್‌ಟಾಪ್‌ನ ಟರ್ಮಿನಲ್‌ನಲ್ಲಿ ಇದು ಹೊಡೆಯಿರಿ:

```
scrcpy --show-touches --record=hajari.mp4
```

ಚುಕ್ಕೆಯನ್ನು ಅದೇ ಆನ್ ಮಾಡುತ್ತದೆ, ಮುಚ್ಚಿದಾಗ ಮೊದಲಿದ್ದ ಹಾಗೆ ಮಾಡುತ್ತದೆ. ವಿಡಿಯೋ ನೇರ ಲ್ಯಾಪ್‌ಟಾಪ್‌ಗೆ ಬರುತ್ತದೆ.

ಕಡೂರು ಪ್ಯಾಸೆಂಜರ್
ಇದನ್ನು ಈಗಷ್ಟೇ ಮಾಡಿದೆ. ಚುಕ್ಕೆ ಬರಲೇ ಇಲ್ಲ. ಟ್ಯಾಬ್ ಲ್ಯಾಪ್‌ಟಾಪ್‌ನಲ್ಲಿ ಕಾಣುತ್ತದೆ, ಕ್ಲಿಕ್ ಮಾಡಿದರೆ ಕೆಲಸವೂ ಆಗುತ್ತದೆ. ಚುಕ್ಕೆ ಮಾತ್ರ ಇಲ್ಲ.

ಬಾಳೆಹೊನ್ನೂರು ಲ್ಯಾಪ್‌ಟಾಪ್
ಮೌಸ್‌ನಿಂದ ಕ್ಲಿಕ್ ಮಾಡಿದಿರಾ? ಹಾಗಾದರೆ ಬರಲ್ಲ. ಬೆರಳಿನಿಂದ ಟ್ಯಾಬ್ ಮೇಲೆ ಮುಟ್ಟಿದರೆ ಮಾತ್ರ ಚುಕ್ಕೆ.

ಕಡೂರು ಪ್ಯಾಸೆಂಜರ್
ಹೌದು, ಮೌಸ್ ಬಳಸಿದ್ದೆ. ಬೆರಳಿನಲ್ಲಿ ಬಂತು. ಅದಿರಲಿ, ಸ್ವೈಪ್ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಅರಸೀಕೆರೆ ತೆಂಗು
ಕೊಡುತ್ತೇನೆ. ಬೇಗ ಸ್ವೈಪ್ ಮಾಡಿದರೆ ಬೆರಳು ಪರದೆ ಮೇಲಿರೋದು ನಾಲ್ಕೈದು ಫ್ರೇಮ್ ಅಷ್ಟೇ. ಬೆರಳು ಎತ್ತಿದ ಮೇಲೂ ಶೀಟ್ ಜಾರುತ್ತಲೇ ಹೋಗುತ್ತದೆ. ಚುಕ್ಕೆ ಅಷ್ಟರಲ್ಲಿ ಹೋಗಿರುತ್ತದೆ. ನೋಡೋರಿಗೆ ಕಾಣೋದು ಏನು? ಚುಕ್ಕೆ ಇಲ್ಲ, ಶೀಟ್ ಓಡುತ್ತಿದೆ. ಮತ್ತೆ "ತಾನಾಗಿ ಹೋಯಿತು" ಅನ್ನೋ ಕಥೆಯೇ. ಆದ್ದರಿಂದ ಎಸೆಯಬೇಡಿ, ಎಳೆಯಿರಿ. ಮೊದಲು ಬೆರಳಿಟ್ಟು ಒಂದು ಕ್ಷಣ ನಿಲ್ಲಿಸಿ. ಆಮೇಲೆ ಒಂದು ಸೆಕೆಂಡಿನಷ್ಟು ನಿಧಾನವಾಗಿ ಎಳೆಯಿರಿ. ಕೊನೆಯಲ್ಲಿ ಪೂರ್ತಿ ನಿಲ್ಲಿಸಿ, ಆಮೇಲೆ ಬೆರಳು ಎತ್ತಿ. ಹಾಗೆ ಮಾಡಿದರೆ ಶೀಟ್ ಜಾರಲ್ಲ, ಚುಕ್ಕೆಯ ಜೊತೆಗೇ ಹೋಗಿ ಚುಕ್ಕೆಯ ಜೊತೆಗೇ ನಿಲ್ಲುತ್ತದೆ. ಬಾಲ ಇಲ್ಲದಿದ್ದರೂ ದಾರಿ ಕಾಣುತ್ತದೆ. ಇಲ್ಲೂ `Long` ಇಟ್ಟಿರೋದು ಒಳ್ಳೆಯದು, ಶುರುವಿನಲ್ಲಿ ನಿಂತಾಗ ಪಟ್ಟಿ ಏಳಲ್ಲ.

ಕಡೂರು ಪ್ಯಾಸೆಂಜರ್
ಎಲ್ಲ ಕಡೆ ನಡೆಯಲ್ಲ ಸರ್. ಪರದೆಯ ಅಂಚಿನಿಂದ ಹಿಂದಕ್ಕೆ ಹೋಗುವ ಸ್ವೈಪ್ ಇಷ್ಟು ನಿಧಾನ ಮಾಡಿ ತೋರಿಸಿದರೆ, ಕಲಿಯೋರು ಅಷ್ಟೇ ನಿಧಾನ ಮಾಡಬೇಕು ಅಂದುಕೊಳ್ಳುತ್ತಾರೆ. ಅಂಥ ಕಡೆ ಗೆರೆ ಇರೋದೇ ಮೇಲು. ನೆತ್ತಿಯ ಅಂಕಿ ಪಟ್ಟಿಯನ್ನು ಕತ್ತರಿಸಿ ಹಾಕಬಹುದು.

ಅರಸೀಕೆರೆ ತೆಂಗು
ಅಲ್ಲಿ ಕೆಳಗಿನ ಬಟನ್‌ಗಳನ್ನೇ ಇಟ್ಟುಕೊಂಡು ಪಾಠ ಮಾಡಿ ಅನ್ನುತ್ತೇನೆ. ಆದರೆ ರೈಟರ್‌ಗಳ ಫೋನಿನಲ್ಲಿ ಬಟನ್ ಇಲ್ಲದಿದ್ದರೆ ನಿಮ್ಮ ಮಾತೂ ಸರಿ.

ಚನ್ನರಾಯಪಟ್ಟಣ ಕೆರೆ
ಒಂದು ಎಚ್ಚರಿಕೆ, ದಯವಿಟ್ಟು ಎಲ್ಲರೂ ಓದಿ. ನಮ್ಮ ಹಳೆಯ ಟ್ಯಾಬ್‌ನಲ್ಲಿ ಸಂಘದ ಹೆಣ್ಣುಮಕ್ಕಳಿಗೆ ಹಣ ಕಳಿಸೋದು ತೋರಿಸಲು ರೆಕಾರ್ಡ್ ಮಾಡಿದ್ದೆ. ಪಿನ್ ಹೊಡೆಯುವ ಜಾಗದಲ್ಲಿ ವಿಡಿಯೋ ಕಪ್ಪಾಗುತ್ತದೆ, ಭದ್ರ ಅಂದುಕೊಂಡಿದ್ದೆ. ವಿಡಿಯೋ ನೋಡಿದರೆ ಎದೆ ಧಸಕ್ ಅಂತು. ಪರದೆ ಕಪ್ಪು, ಆದರೆ ಚುಕ್ಕೆಗಳು ಬಂದಿವೆ! ಅಂಕಿಗಳ ಜಾಗ ಎಲ್ಲರಿಗೂ ಗೊತ್ತಿರೋದೇ. ಕೆಳಗೆ ನಡುವೆ ಬಂದರೆ ಸೊನ್ನೆ, ಮೇಲೆ ಎಡಕ್ಕೆ ಬಂದರೆ ಒಂದು. ಯಾರು ಬೇಕಾದರೂ ಓದಿಬಿಡಬಹುದು. ಗುಂಪಿಗೆ ಹಾಕುವ ಮೊದಲು ಕಂಡದ್ದರಿಂದ ಉಳಿದುಕೊಂಡೆ, ಅದೇ ದಿನ ಪಿನ್ ಬದಲಾಯಿಸಿದೆ. ನಡುವೆ ಟ್ಯಾಬ್ ಲಾಕ್ ಆಗಿ ಮತ್ತೆ ತೆರೆದರೂ ಇದೇ ಭಯ. ಆ ಭಾಗವನ್ನು ರೆಕಾರ್ಡ್ ಮಾಡಲೇಬೇಡಿ.

ಅರಸೀಕೆರೆ ತೆಂಗು
ಬಹಳ ಮುಖ್ಯವಾದ ಮಾತು. ಚುಕ್ಕೆಯನ್ನು ಬರೆಯೋದು ಸಿಸ್ಟಮ್, ಆ್ಯಪ್ ಅಲ್ಲ. ಆ್ಯಪ್ ತನ್ನ ಪರದೆ ಮುಚ್ಚಿಕೊಂಡರೂ ಚುಕ್ಕೆ ಅದರ ಮೇಲೆ ಬೇರೆಯಾಗಿ ಕೂತಿರಬಹುದು.

ಹಳೇಬೀಡು ಮೊಬೈಲ್ಸ್
ಇನ್ನೊಂದು. ಕೆಲಸ ಮುಗಿದ ಮೇಲೆ `Developer options` ಮೇಲಿನ ದೊಡ್ಡ ಸ್ವಿಚ್ ಆಫ್ ಮಾಡಿಬಿಡಿ. ಅದು ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯಲ್ಲ. ಹಾಗಂತ ಎಷ್ಟೋ ಜನ ಫೋನ್ ಕೆಟ್ಟಿದೆ ಅಂದುಕೊಂಡು ಅಂಗಡಿಗೆ ತರುತ್ತಾರೆ.

ಮೂಡಿಗೆರೆ ಏಲಕ್ಕಿ
ಕರೆಂಟ್ ಬಂತು. ಹೆತ್ತೂರು ಅಕ್ಕ, ನಿಮ್ಮ ಹಾಜರಿ ಶೀಟ್ ಮಾದರಿ ನನಗೂ ಕೊಡ್ತೀರಾ? ನಮ್ಮ ರೈಟರ್ ಇನ್ನೂ ಪುಸ್ತಕದಲ್ಲೇ ಬರೆಯುತ್ತಾರೆ, ಶನಿವಾರ ಬಟವಾಡೆ ಕೂಡಿಸೋಕೆ ರಾತ್ರಿಯಾಗುತ್ತದೆ.

ಹೆತ್ತೂರು ಮಳೆ
ಕೊಡುತ್ತೇನೆ, ಮೆಸೇಜ್ ಹಾಕಿ.

ಇವತ್ತು ಮಾಡಿದ್ದು ಹೇಳುತ್ತೇನೆ. ಟ್ಯಾಬ್ ನೆಟ್ಟಗೆ ಹಿಡಿದೆ. ಹೆಸರಿನ ಸಾಲಿಗೆ ಕಾಫಿ ಎಲೆಯಂಥ ಹಸಿರು, ಕೆಜಿ ಸಾಲುಗಳಿಗೆ ನೀಲಿ ತುಂಬಿದೆ. ಅಂಕಿಗಳನ್ನು ಬಿಳಿ ಅಕ್ಷರ ಮಾಡಬೇಕಾಯಿತು, ಇಲ್ಲದಿದ್ದರೆ ಅವೇ ಕಾಣುತ್ತಿರಲಿಲ್ಲ. `Touch & hold delay` ಅನ್ನು `Long` ಮಾಡಿದೆ. ಶೀಟ್ಸ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ಮನಸ್ಸಿನಲ್ಲೇ "ಒಂದು" ಅಂತ ಎಣಿಸಿ ಬೆರಳು ತೆಗೆದೆ, ಒಂದು ಸಲವೂ `Paste` ಪಟ್ಟಿ ಬರಲಿಲ್ಲ. ನೀಲಿ ಗುಂಡಿನ ಗೊಂದಲಕ್ಕೆ ವಿಡಿಯೋ ಶುರುವಿನಲ್ಲೇ ಹೇಳಿದೆ: ಬಂದು ಹೋಗೋದು ನನ್ನ ಬೆರಳು, ಮೂಲೆಯಲ್ಲಿ ನಿಂತಿರೋದು ಶೀಟ್‌ನದು.

ಕೆಜಿ ಬರೆಯೋ ವಿಡಿಯೋ ಒಂದು ನಿಮಿಷ 40 ಸೆಕೆಂಡ್ ಬಂತು. ಮೊದಲು ಕೈಬಿಟ್ಟಿದ್ದ ರೈಟರ್‌ಗೇ ಕಳಿಸಿದೆ. ಸಂಜೆ ಅವರೇ ಶೀಟ್ ತೆರೆದು ಆ ದಿನದ 14 ಜನರ ಕೆಜಿ ತುಂಬಿ ಕಳಿಸಿದರು. ಒಂದು ಮನೆ ತಪ್ಪಿತ್ತು, ಅದನ್ನೂ ಅವರೇ ಕಂಡುಕೊಂಡರು.

ಹಿಗ್ಗಿಸೋದು ಮಾತ್ರ ಅವರಿಗೆ ಅರ್ಥವಾಗಲಿಲ್ಲ. "ಎರಡು ಚುಕ್ಕೆ ದೂರ ಹೋದವು, ಯಾಕೆ?" ಅಂತ ಕೇಳಿದರು. ಮೇಷ್ಟ್ರು ಹೇಳಿದ್ದು ಅಲ್ಲಿಗೆ ನಿಜವಾಯಿತು. ಆ ಒಂದು ಭಾಗವನ್ನು ನಾಳೆ ಕಿಟಕಿ ಪಕ್ಕ ಕೂತು, ಮೇಲಿನಿಂದ ಫೋನಿನಲ್ಲಿ ತೆಗೆಯುತ್ತೇನೆ. ಮಧ್ಯೆ ಸೇರಿಸುವಾಗ ಬೆಳಕು ಹೊಂದುತ್ತದಾ ನೋಡಬೇಕು.

ತರೀಕೆರೆ ಮೇಷ್ಟ್ರು
ಬೆಳಿಗ್ಗೆ 10 ಗಂಟೆಯೊಳಗೆ ತೆಗೆಯಿರಿ ಮೇಡಂ. ಟ್ಯಾಬ್ ಕೆಳಗೆ ಕಪ್ಪು ಬಟ್ಟೆ ಹಾಸಿ.

ಕೊಪ್ಪ ಅಡಿಕೆ ಹಾಳೆ
ನನ್ನದೊಂದು ಪ್ರಶ್ನೆ. ನನ್ನ ಟ್ಯಾಬ್‌ನಲ್ಲಿ ಬೆರಳಿಟ್ಟರೆ ಚುಕ್ಕೆ ಬರುತ್ತದೆ, ಅದರ ಜೊತೆ ಬಂದ ಪೆನ್ ಇಟ್ಟರೆ ಬರಲ್ಲ. ಯಾರಿಗಾದರೂ ಪೆನ್‌ನಲ್ಲಿ ಚುಕ್ಕೆ ಬಂದಿದೆಯಾ? ಯಾವ ಟ್ಯಾಬ್, ಯಾವ ಆಂಡ್ರಾಯ್ಡ್ ಅಂತ ಹೇಳಿ.